ನಾಲ್ಕಿಂಚಿನ ಗೋಡೆ, ಎರಡೂ ಬದಿ ಬೋರ್ಡು: ಪ್ಲಾಸ್ಟರಿಂಗ್‌ಗೆ ಮೊದಲು ಹಾಕಿದ ಲೆಕ್ಕ

30×40 ಸೈಟಿನ ಮನೆ. ಹೊರಗೋಡೆಗಳು 6 ಇಂಚಿನ ಸಾಲಿಡ್ ಬ್ಲಾಕು, ಒಳಗೋಡೆಗಳು 4 ಇಂಚಿನವು. ಇಡೀ ಮನೆಯಲ್ಲಿ ಹೆಚ್ಚು ತಲೆ ಕೆಡಿಸಿದ್ದು ಒಂದೇ ಗೋಡೆ. ಅದರ ಈಚೆ ಮಂಚದ ಪಕ್ಕದ ಸ್ವಿಚ್ ಬೋರ್ಡು, ಆಚೆ ಅಡುಗೆಕಟ್ಟೆಯ ಸ್ವಿಚ್ ಬೋರ್ಡು. ಅದೊಂದನ್ನು ಸರಿಯಾಗಿ ಲೆಕ್ಕ ಹಾಕಿದರೆ ಉಳಿದವು ತಾವಾಗಿಯೇ ಸುಲಭವಾಗುತ್ತವೆ.

ಎತ್ತರದ ವಿಷಯದಲ್ಲಿ ಸಾಮಾನ್ಯವಾಗಿ ತಪ್ಪುವುದು ಅಳತೆಯಲ್ಲಲ್ಲ, ಎಲ್ಲಿಂದ ಅಳೆಯುತ್ತೇವೆ ಅನ್ನುವುದರಲ್ಲಿ. ವೈರಿಂಗ್ ಪೈಪಿನ ಕೆಲಸ ನಡೆಯುವಾಗ ಕಾಲಡಿಯಲ್ಲಿರುವುದು ಬರೀ ಕಾಂಕ್ರೀಟು. ಅದರ ಮೇಲೆ 50 ಎಂಎಂ ಗಾರೆ, 10 ಎಂಎಂ ಟೈಲ್ಸು ಬರಬೇಕು. ಕಾಂಕ್ರೀಟಿನಿಂದ ಅಳೆದು ಕೂರಿಸಿದ ಬೋರ್ಡಿನ ಬಾಕ್ಸು ಮನೆ ಮುಗಿದಾಗ 60 ಎಂಎಂ ಕೆಳಗಿರುತ್ತದೆ. ಸಾಲದ್ದಕ್ಕೆ ಕಾಂಕ್ರೀಟು ಎಲ್ಲ ಕಡೆ ಒಂದೇ ಮಟ್ಟದಲ್ಲಿ ಇರುವುದೂ ಇಲ್ಲ. ಹಾಗಾಗಿ ಒಂದೇ ಎತ್ತರದಲ್ಲಿರಬೇಕಾದ ಎರಡು ಬೋರ್ಡುಗಳು ಒಂದು ಬೆರಳು ಮೇಲೆ ಕೆಳಗೆ ಆಗುತ್ತವೆ, ಅಂಥದ್ದು ಕಣ್ಣಿಗೆ ಬಿದ್ದೇ ಬೀಳುತ್ತದೆ.

ಹೊಸ್ತಿಲು ಕೂರಿಸುವಾಗಲೇ ಟೈಲ್ಸಿನ ಮಟ್ಟ ಎಲ್ಲಿಗೆ ಬರುತ್ತದೆ ಎಂದು ಮೇಸ್ತ್ರಿ ತೀರ್ಮಾನ ಮಾಡಿರುತ್ತಾರೆ. ಆ ಮಟ್ಟವನ್ನು ಕೇಳಿ ತಿಳಿದು, ಅಲ್ಲಿಂದ ಸರಿಯಾಗಿ 1000 ಎಂಎಂ ಮೇಲೆ ಒಂದು ಗುರುತು ಹಾಕಿದೆ. ನೀರು ತುಂಬಿದ ಲೆವೆಲ್ ಪೈಪಿನಿಂದ ಅದೇ ಗುರುತನ್ನು ಎಲ್ಲ ಕೋಣೆಗಳಿಗೂ ಒಯ್ದು, ಬಣ್ಣದ ದಾರದಲ್ಲಿ ಗೆರೆ ಹೊಡೆದದ್ದಾಯಿತು. ಪೈಪಿನೊಳಗೆ ಒಂದು ಗಾಳಿಗುಳ್ಳೆ ಉಳಿದಿದ್ದರೂ ಮಟ್ಟ ಸುಳ್ಳು ಹೇಳುತ್ತದೆ. ಅದಕ್ಕೇ ಎರಡು ತುದಿಯನ್ನೂ ಜೊತೆಗಿಟ್ಟು ನೀರು ಸಮನಾಗಿ ನಿಲ್ಲುತ್ತದೆಯೇ ಎಂದು ಮೊದಲು ನೋಡಬೇಕು. ಪ್ಲಾಸ್ಟರಿಂಗ್ ಆದ ಮೇಲೆ ಗೋಡೆಯ ಗೆರೆ ಮುಚ್ಚಿಹೋಗುತ್ತದೆ, ಆದ್ದರಿಂದ ಪ್ರತಿ ಬಾಗಿಲ ಚೌಕಟ್ಟಿನ ಮೇಲೂ ಒಂದು ಗುರುತು ಉಳಿಸಿದೆ.

ಇನ್ನು ಎಲ್ಲ ಎತ್ತರವೂ ಈ ಗೆರೆಯಿಂದಲೇ. ಬಾಗಿಲ ಪಕ್ಕದ ಬೋರ್ಡು ಟೈಲ್ಸಿನಿಂದ 1200 ಎಂಎಂ, ಅಂದರೆ ಗೆರೆಯಿಂದ 200 ಮೇಲೆ. ಅಡುಗೆಕಟ್ಟೆಯ ಗ್ರಾನೈಟ್ 850ಕ್ಕೆ ಬರುವುದರಿಂದ ಅಲ್ಲಿನ ಬೋರ್ಡು 1050, ಗೆರೆಯಿಂದ 50 ಮೇಲೆ. ಮಂಚದ ಪಕ್ಕದ ಮೇಜು 550 ಇರುತ್ತದೆ ಎಂದುಕೊಂಡು ಅಲ್ಲಿಗೆ 650, ಗೆರೆಯಿಂದ 350 ಕೆಳಗೆ. ಇವೆಲ್ಲ ಬಾಕ್ಸಿನ ಕೆಳಅಂಚಿನ ಅಳತೆ. ಮಧ್ಯಕ್ಕೆ ಅಳೆದರೆ ಒಂದು ಸಾಲಿನ ಬಾಕ್ಸು, ಎರಡು ಸಾಲಿನ ಬಾಕ್ಸು ಅಕ್ಕಪಕ್ಕ ಬಂದಾಗ ಅಂಚುಗಳು ಕೂಡುವುದಿಲ್ಲ. ಎಲೆಕ್ಟ್ರಿಷಿಯನ್‌ಗೆ ಬಾಯಲ್ಲಿ ಹೇಳಿದರೆ ಒಬ್ಬರು ಮಧ್ಯ ಎಂದುಕೊಳ್ಳುತ್ತಾರೆ, ಇನ್ನೊಬ್ಬರು ಕೆಳಗೆ ಎಂದುಕೊಳ್ಳುತ್ತಾರೆ. ಗೋಡೆಯ ಮೇಲೆ ಬಾಕ್ಸಿನ ಚೌಕವನ್ನೇ ಬರೆದುಬಿಡುವುದು ವಾಸಿ.

ಈಗ ಆ ನಾಲ್ಕಿಂಚಿನ ಗೋಡೆ. ಬ್ಲಾಕು ಗೋಡೆಯನ್ನು ಮೇಲಿಂದ ಕೆಳಕ್ಕೆ ಉದ್ದುದ್ದ ಕೊರೆಯುವುದಾದರೆ ದಪ್ಪದ ಮೂರರಲ್ಲೊಂದು ಭಾಗ, ಅಡ್ಡಡ್ಡ ಕೊರೆಯುವುದಾದರೆ ಆರರಲ್ಲೊಂದು ಭಾಗ, ಅದಕ್ಕಿಂತ ಆಳ ಹೋಗಬಾರದು. 100 ಎಂಎಂ ಗೋಡೆಗೆ ಅದು 33 ಮತ್ತು 16. ಪೈಪಿನ ಮೇಲೆ ಕನಿಷ್ಠ 12 ಎಂಎಂ ಗಾರೆ ಕೂರಬೇಕು, ಇಲ್ಲದಿದ್ದರೆ ಪೈಪಿನ ಉದ್ದಕ್ಕೂ ಬಿರುಕು. 20 ಎಂಎಂ ಪೈಪಾದರೆ 20ಕ್ಕೆ 12 ಕೂಡಿ 32, ಕೂದಲೆಳೆಯಲ್ಲಿ ಪಾಸು. 25 ಎಂಎಂ ಪೈಪಾದರೆ 37, ಆಗದು. ಅಡ್ಡಕ್ಕೆ ಯಾವ ಪೈಪೂ ಆಗದು. ಅಂದರೆ ಈ ಗೋಡೆಯಲ್ಲಿ ಸ್ಲ್ಯಾಬಿನಿಂದ ನೇರ ಕೆಳಗೆ ಇಳಿಯುವ 20 ಎಂಎಂ ಪೈಪು ಬಿಟ್ಟರೆ ಬೇರೆ ದಾರಿಯೇ ಇಲ್ಲ.

ಮಂಚದ ಬೋರ್ಡಿಗೆ ಬರುವ ತಂತಿ ಎಣಿಸಿದೆ. ಚಾರ್ಜರ್ ಸಾಕೆಟ್ಟಿಗೆ ಫೇಸ್, ನ್ಯೂಟ್ರಲ್, ಅರ್ತ್ ಮೂರು. ಲೈಟಿಗೆ ಎರಡು ಕಡೆಯಿಂದ ಹಾಕಿ ಆರಿಸುವ ಟೂ ವೇ ಸ್ವಿಚ್ಚು ಇದ್ದರೆ ಬಾಗಿಲ ಬೋರ್ಡಿನ ನಡುವೆ ಓಡಾಡುವ ಎರಡು, ಫ್ಯಾನಿಗೂ ಟೂ ವೇ ಬೇಕೆಂದರೆ ಮತ್ತೆರಡು. ಒಟ್ಟು ಏಳು. 1.5 ಚದರ ಎಂಎಂ ತಂತಿಯಾದರೂ 20 ಎಂಎಂ ಪೈಪಿನಲ್ಲಿ ನೇರವಿದ್ದರೆ ಐದು, ಬೆಂಡ್ ಇದ್ದರೆ ನಾಲ್ಕು, ಅದಕ್ಕಿಂತ ಹೆಚ್ಚು ನಾನು ತುಂಬಿಸುವುದಿಲ್ಲ. ಏಳನ್ನೂ ತುರುಕಿ ಎಳೆದರೆ ತಂತಿಯ ಮೇಲಿನ ಹೊದಿಕೆ ಬೆಂಡಿನಲ್ಲಿ ಉಜ್ಜಿ ಸುಲಿಯುತ್ತದೆ, ಮುಂದೆ ಒಂದು ತಂತಿ ಬದಲಾಯಿಸಲು ಹೋದರೆ ಎಲ್ಲವೂ ಗಂಟಾಗಿ ಬರುತ್ತವೆ. ಆದ್ದರಿಂದ ಎರಡು ಪೈಪು: ಒಂದರಲ್ಲಿ ಸಾಕೆಟ್ಟಿನ ಮೂರು, ಇನ್ನೊಂದರಲ್ಲಿ ಟೂ ವೇಯ ನಾಲ್ಕು. ಎರಡರ ನಡುವೆ ಕೊರೆಯದ ಬ್ಲಾಕು ಎರಡಿಂಚು ಉಳಿಯುವಂತೆ ಬೇರೆ ಬೇರೆ ಕಟಿಂಗ್.

ಅಡುಗೆ ಬದಿಯಲ್ಲಿ ಮೈಕ್ರೋವೇವ್, ಇಂಡಕ್ಷನ್‌ಗೆ 16 ಆಂಪ್ಸ್ ಸಾಕೆಟ್ ಬೇಕಿತ್ತು. 4 ಚದರ ಎಂಎಂ ತಂತಿ ಮೂರು, ಬೆಂಡ್ ಬೇರೆ, 25 ಎಂಎಂ ಪೈಪೇ ಬೇಕು. ಹಾಗಾಗಿ ಆ ಪಾಯಿಂಟನ್ನು 6 ಇಂಚಿನ ಹೊರಗೋಡೆಗೆ ಸರಿಸಿದೆ, ಅಲ್ಲಿ ಉದ್ದಕ್ಕೆ 50 ಎಂಎಂ ಕೊರೆಯಬಹುದು. ಒಳಗೋಡೆಗೆ ಉಳಿದದ್ದು ಮಿಕ್ಸಿಯ 6 ಆಂಪ್ಸ್ ಮಾತ್ರ. ಅದರ ಬಾಕ್ಸನ್ನು ಮಂಚದ ಕಡೆಯ ಪೈಪುಗಳಿಂದ ಒಂದಡಿ ಪಕ್ಕಕ್ಕೆ ಇಟ್ಟೆ. ಎತ್ತರ ಬೇರೆಯಾದ್ದರಿಂದ ಬಾಕ್ಸಿಗೆ ಬಾಕ್ಸು ಬೆನ್ನು ಕೊಡುವುದಿಲ್ಲ ಎಂದು ನಿರಾಳವಾಗುವಂತಿಲ್ಲ. ಮೇಲಿಂದ ಇಳಿಯುವ ಪೈಪು ಆ ಬಾಕ್ಸಿನ ಹಿಂದೆಯೇ ಹಾದು ಹೋಗುತ್ತಿರುತ್ತದೆ, ಅಲ್ಲಿ ಉಳಿ ಇಟ್ಟರೆ ಗೋಡೆ ತೂತು.

ಬಾಕ್ಸು ಎಷ್ಟು ಒಳಗೆ ಕೂರಬೇಕು ಎನ್ನುವುದನ್ನು ಬ್ಲಾಕು ನೋಡಿ ಹೇಳಲಾಗದು. ಗೋಡೆ ಸ್ವಲ್ಪ ವಾಲಿದ್ದರೆ ಪ್ಲಾಸ್ಟರ್ ಒಂದು ತುದಿಗೆ 12, ಇನ್ನೊಂದು ತುದಿಗೆ 25 ಎಂಎಂ ಬರಬಹುದು. ಗಾರೆಯವರು ತೂಗುಗುಂಡು ಹಿಡಿದು ಪ್ಲಾಸ್ಟರಿನ ದಪ್ಪ ತೋರಿಸುವ ಬುಲ್ ಮಾರ್ಕ್ ಹಾಕುತ್ತಾರಲ್ಲ, ಅದನ್ನು ಮೊದಲೇ ಹಾಕಿಸಿಕೊಂಡು, ಎರಡು ಮಾರ್ಕಿನ ಮೇಲೆ ಪಟ್ಟಿ ಇಟ್ಟು, ಬಾಕ್ಸಿನ ಅಂಚು ಪಟ್ಟಿಗಿಂತ 2 ಎಂಎಂ ಒಳಗಿರುವಂತೆ ಕೂರಿಸಬೇಕು. ಹೊರಗೆ ಬಂದರೆ ಪ್ಲೇಟು ಗೋಡೆಗೆ ಅಂಟುವುದಿಲ್ಲ. ತುಂಬಾ ಒಳಗೆ ಹೋದರೆ ಸ್ಕ್ರೂ ಸಿಗುವುದಿಲ್ಲ, ಬಲವಂತವಾಗಿ ತಿರುಗಿಸಿದಾಗ ಫ್ರೇಮು ಬಾಗಿ ಸ್ವಿಚ್ಚು ಸಿಕ್ಕಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ಲೆಕ್ಕವೇ ಬೇರೆ: ಪ್ಲಾಸ್ಟರಿನ ಮೇಲೆ ಟೈಲ್ಸು, ಅದರ ಅಂಟು ಸೇರಿ ಇನ್ನೂ 12 ಎಂಎಂ ದಪ್ಪ ಬರುವುದರಿಂದ ಅಲ್ಲಿನ ಬಾಕ್ಸು ಪಟ್ಟಿಗಿಂತ 10 ಎಂಎಂ ಮುಂದೆಯೇ ಇರಬೇಕು. ಪ್ಲಾಸ್ಟರಿಂಗ್ ಮಾಡುವವರಿಗೆ ಇದನ್ನು ಹೇಳಿಡದಿದ್ದರೆ "ಬಾಕ್ಸು ಮುಂದೆ ಬಂದಿದೆ" ಎಂದು ಬಡಿದು ಒಳಗೆ ತಳ್ಳಿಬಿಡುತ್ತಾರೆ.

ಪೈಪು ಕೂರಿಸಿದ ಮೇಲೆ ಕಟಿಂಗ್‌ಗೆ ಚೆನ್ನಾಗಿ ನೀರು ಹೊಡೆದು, ಒಂದಕ್ಕೆ ನಾಲ್ಕರ ಸಿಮೆಂಟು ಮರಳಿನಲ್ಲಿ ತುಂಬಿಸಿ, ಮೂರು ದಿನ ನೀರು ಕೊಟ್ಟೆವು. ಆಮೇಲೆ 6 ಇಂಚು ಅಗಲದ ಚಿಕನ್ ಮೆಶ್ ಬಡಿದು ಪ್ಲಾಸ್ಟರಿಂಗ್. ಬಾಕ್ಸಿನೊಳಗೆ ಥರ್ಮೋಕೋಲ್ ತುಂಡು, ಪೈಪಿನ ಬಾಯಿಗೆ ಮುಚ್ಚಳ. ಪೇಪರ್ ತುರುಕುವ ಅಭ್ಯಾಸ ಹಲವರಿಗಿದೆ, ಆದರೆ ಅದು ಗಾರೆಯ ನೀರು ಹೀರಿ ಪೈಪಿನ ಬಾಯಲ್ಲೇ ಕಲ್ಲಾಗುತ್ತದೆ.

ಮೆಶ್ ಬಡಿಯುವ ಮೊದಲು ಪ್ರತಿ ಪೈಪಿನಲ್ಲೂ ತಂತಿ ಎಳೆಯುವ ಸ್ಪ್ರಿಂಗ್ ಹಾಯಿಸಿ ನೋಡಿದೆವು. ಒಂದು ಕಡೆ ಸಿಕ್ಕಿಕೊಂಡಿತು. ಕಟಿಂಗ್ ತಿರುಗುವಲ್ಲಿ ಪೈಪು ಬಗ್ಗಿಸುವಾಗ ಚಪ್ಪಟೆಯಾಗಿತ್ತು. ಆಗ ಅದನ್ನು ಕತ್ತರಿಸಿ ಬೇರೆ ಪೈಪು ಜೋಡಿಸಲು ಹತ್ತು ನಿಮಿಷ ಸಾಕಾಯಿತು. ಕೊನೆಗೆ ಟೇಪನ್ನು ಮೂಲೆಯಿಂದ ಹಿಡಿದು, ಸಾವಿರದ ಗೆರೆಯೂ ಕಾಣುವಂತೆ, ಒಂದೊಂದು ಗೋಡೆಗೂ ಒಂದೊಂದು ಫೋಟೋ. ಮುಂದೆ ಅಡುಗೆಮನೆಯಲ್ಲಿ ಕಪಾಟಿನ ಮೊಳೆ ಹೊಡೆಯುವ ದಿನ ಮೊದಲು ತೆರೆಯುವುದು ಆ ಫೋಟೋವನ್ನೇ.