1.08 ಎಕ್ರೆಯ ಚುಕ್ಕಿ: ಹಳೇ ವಿಭಾಗ ಪತ್ರ ಸ್ಕ್ಯಾನ್ ಮಾಡಿದ ನನ್ನ ಅನುಭವ

ಉಡುಪಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಈಗ ಜೆರಾಕ್ಸಿಗಿಂತ ಸ್ಕ್ಯಾನಿಂಗ್ ಕೆಲಸವೇ ಜಾಸ್ತಿ. ಆನ್‌ಲೈನ್ ಅರ್ಜಿಗೆ ಹಾಕಲಿಕ್ಕೆ ಅಂತ ಜನ ಜಾಗದ ದಾಖಲೆ ಹಿಡಿದುಕೊಂಡು ಬರುತ್ತಾರೆ. "ಪಿಡಿಎಫ್ ಮಾಡಿ ಕೊಡಿ, 5 ಎಂಬಿ ಒಳಗೆ ಬೇಕಂತೆ" ಎನ್ನುತ್ತಾರೆ. ತುಂಬ ದಿನ ನಾನು ಇದನ್ನು ಒಂದೇ ದಾರಿಯಲ್ಲಿ ಮಾಡುತ್ತಿದ್ದೆ. ಎಲ್ಲ ಪುಟವನ್ನೂ ಕಲರಿನಲ್ಲಿ ಸ್ಕ್ಯಾನ್ ಮಾಡುವುದು, ಸೈಜ್ ಜಾಸ್ತಿಯಾದರೆ ಕಂಪ್ರೆಸ್ ಮಾಡುವುದು. ಅದು ತಪ್ಪು ಅಂತ ಕಲಿಸಿದ್ದು ಒಂದು ವಿಭಾಗ ಪತ್ರ.

1974ರ ಪತ್ರ ಅದು. ಬ್ರಹ್ಮಾವರ ಕಡೆಯ ಒಂದು ಕುಟುಂಬದ್ದು. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ ಅಲ್ವಾ, ಹಾಗಾಗಿ ಅದರಲ್ಲಿ "ದಕ್ಷಿಣ ಕನ್ನಡ ಜಿಲ್ಲೆ ಉಡುಪಿ ತಾಲೂಕು" ಅಂತಲೇ ಇತ್ತು. ಲೀಗಲ್ ಸೈಜಿನ 13 ಹಾಳೆ, ಎರಡೂ ಬದಿ ಸೇರಿ 26 ಪುಟ. ಮೊದಲ ಹಾಳೆ ಛಾಪಾ ಕಾಗದ. ಅದರ ಹಿಂದೆ ನೋಂದಣಿಯ ಷರಾ, ನೇರಳೆ ಸೀಲು, ಹೆಬ್ಬೆಟ್ಟಿನ ಗುರುತು. ಉಳಿದದ್ದೆಲ್ಲ ಕನ್ನಡ ಟೈಪ್‌ರೈಟರಿನಲ್ಲಿ ಹೊಡೆದದ್ದು. ಕಾಗದ ಹಳದಿಯಾಗಿತ್ತು, ಮಡಚಿದ ಕಡೆ ಬಿಡುತ್ತಿತ್ತು.

300 ಡಿಪಿಐ ಕಲರಿನಲ್ಲಿ ಸ್ಕ್ಯಾನ್ ಮಾಡಿದೆ. 34 ಎಂಬಿ ಬಂತು. ಅದನ್ನು ಕಂಪ್ರೆಸ್ ಮಾಡಿ 4 ಎಂಬಿಗೆ ಇಳಿಸಿ ಕೊಟ್ಟೆ. ಸ್ಕ್ರೀನಿನಲ್ಲಿ ನೋಡಿದರೆ ಓದಲಿಕ್ಕೆ ಆಗುತ್ತಿತ್ತು. ನಾಲ್ಕು ದಿನ ಬಿಟ್ಟು ಪತ್ರದವರು ವಾಪಸ್ ಬಂದರು.

"ಷೆಡ್ಯೂಲು ಸರಿ ಕಾಣುವುದಿಲ್ಲಂತೆ ಮಾರಾಯ್ರೆ. ಒಂದು ಎಕ್ರೆ ಎಂಟು ಸೆಂಟ್ಸಾ, ನೂರ ಎಂಟು ಎಕ್ರೆಯಾ ಅಂತ ಕೇಳ್ತಾರೆ."

ಷೆಡ್ಯೂಲು ಅಂದರೆ ಪತ್ರದಲ್ಲಿ ಜಾಗದ ವಿವರ ಇರುವ ಪಟ್ಟಿ. ಫೈಲ್ ತೆರೆದು ಅದನ್ನು ದೊಡ್ಡದು ಮಾಡಿ ನೋಡಿದೆ. ಮೂಲದಲ್ಲಿ 1.08 ಅಂತ ಇತ್ತು. ನನ್ನ ಪಿಡಿಎಫ್‌ನಲ್ಲಿ ನಡುವಿನ ಚುಕ್ಕಿ ಇರಲಿಲ್ಲ, ಆ ಜಾಗದಲ್ಲಿ ಬೂದು ಮಸುಕು ಮಾತ್ರ. ಪಕ್ಕದ ಸಾಲಿನ ಸರ್ವೆ ನಂಬ್ರ 63/6 ಕೂಡ 63/8ರ ಹಾಗೆ ಕಾಣುತ್ತಿತ್ತು. ನಮ್ಮ ಕಡೆ ವಿಸ್ತೀರ್ಣ ಬರೆಯುವುದೇ ಎಕ್ರೆ-ಸೆಂಟ್ಸ್ ಲೆಕ್ಕದಲ್ಲಿ, ಚುಕ್ಕಿಯ ಎಡಕ್ಕೆ ಎಕ್ರೆ, ಬಲಕ್ಕೆ ಸೆಂಟ್ಸ್. ಆ ಒಂದು ಚುಕ್ಕಿ ಹೋದರೆ ಜಾಗದ ಅಳತೆಯೇ ಹೋಯಿತು.

ಚುಕ್ಕಿ ಯಾಕೆ ಹೋಯಿತು ಅಂತ ಕೂತು ಲೆಕ್ಕ ಹಾಕಿದೆ. ಟೈಪ್‌ರೈಟರಿನ ಚುಕ್ಕಿ ಸುಮಾರು 0.4 ಮಿಲಿಮೀಟರ್ ಅಗಲ. 300 ಡಿಪಿಐ ಅಂದರೆ ಒಂದು ಇಂಚಿಗೆ 300 ಪಿಕ್ಸೆಲ್. ಆ ಲೆಕ್ಕದಲ್ಲಿ ಚುಕ್ಕಿಗೆ ಸಿಗುವುದು ಐದು ಪಿಕ್ಸೆಲ್ ಅಗಲ. 150ರಲ್ಲಿ ಎರಡು, ಎರಡೂವರೆ. 100ರಲ್ಲಿ ಒಂದೂವರೆ. ಕಂಪ್ರೆಸ್ ಮಾಡಿದಾಗ ನನ್ನ ಪುಟಗಳು ಸುಮಾರು 100 ಡಿಪಿಐಗೆ ಇಳಿದಿದ್ದವು. ಅದರ ಮೇಲೆ ಜೆಪೆಗ್ ಕ್ವಾಲಿಟಿಯನ್ನೂ ಕಡಿಮೆ ಮಾಡಿತ್ತು. ಒಂದೂವರೆ ಪಿಕ್ಸೆಲ್ಲಿನ ಚುಕ್ಕಿ ಹಳದಿ ಕಾಗದದ ಕಲೆಯ ಜೊತೆ ಸೇರಿಹೋಗಿತ್ತು.

ಅಂದಿನಿಂದ ಸ್ಕ್ಯಾನರ್ ಮುಚ್ಚಳ ಎತ್ತುವ ಮೊದಲು ಪ್ರತಿ ಪುಟದಲ್ಲಿ ಒಂದೇ ಹುಡುಕುತ್ತೇನೆ. ಇಲ್ಲಿ ಅರ್ಥ ಇರುವ ಅತಿ ಚಿಕ್ಕ ಗುರುತು ಯಾವುದು? ಷೆಡ್ಯೂಲಿನಲ್ಲಿ ಅದು ಚುಕ್ಕಿ. ಬರೀ ಬರಹದ ಪುಟದಲ್ಲಿ 'ದ'ವನ್ನು 'ಧ' ಮಾಡುವ ಕೆಳಗಿನ ಸೀಳು. ಷರಾದ ಪುಟದಲ್ಲಿ ಹೆಬ್ಬೆಟ್ಟಿನ ಗೆರೆಗಳು. ಪುಟದ ಸೆಟ್ಟಿಂಗ್ ಆ ಗುರುತಿನ ಮೇಲೆ ನಿಂತಿದೆ. 26 ಪುಟಕ್ಕೂ ಒಂದೇ ಸೆಟ್ಟಿಂಗ್ ಬೇಕು ಅಂತ ಯಾರೂ ಹೇಳಿಲ್ಲ.

ಆ ಪತ್ರವನ್ನು ಮತ್ತೆ ಮೊದಲಿನಿಂದ ಸ್ಕ್ಯಾನ್ ಮಾಡಿದೆ. ಹಾಳೆ ಎಳೆದುಕೊಳ್ಳುವ ಫೀಡರಿಗೆ ಹಾಕಲಿಲ್ಲ, ಮಡಿಕೆಯಲ್ಲಿ ಹರಿಯುತ್ತದೆ. ಒಂದೊಂದೇ ಹಾಳೆಯನ್ನು ಗಾಜಿನ ಮೇಲೆ ಇಟ್ಟೆ. ಮುಚ್ಚಳದ ಒಳಗೆ ಒಂದು ಕಪ್ಪು ಚಾರ್ಟ್ ಪೇಪರ್ ಅಂಟಿಸಿದೆ. ಹಾಳೆ ತೆಳು ಇದ್ದಾಗ ಬೆಳಕು ಅದರೊಳಗಿಂದ ಹೋಗಿ, ಬಿಳಿ ಮುಚ್ಚಳಕ್ಕೆ ತಾಗಿ ವಾಪಸ್ ಬರುತ್ತದೆ. ಬರುವಾಗ ಹಿಂಬದಿಯ ಅಕ್ಷರದ ನೆರಳನ್ನೂ ತರುತ್ತದೆ. ಹಿಂದೆ ಕಪ್ಪು ಇದ್ದರೆ ಬೆಳಕು ಅಲ್ಲೇ ನಿಲ್ಲುತ್ತದೆ. ಪುಟ ಸ್ವಲ್ಪ ಮಂಕಾಗಿ ಬರುತ್ತದೆ, ಆದರೆ ಹಿಂದಿನ ಬರಹ ಎದುರು ಬರುವುದು ತುಂಬ ಕಡಿಮೆಯಾಗುತ್ತದೆ.

ಬರೀ ಟೈಪ್ ಮಾಡಿದ್ದು ಇರುವ 16 ಪುಟಗಳನ್ನು ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ ತೆಗೆದೆ. ಇದು ಗ್ರೇಸ್ಕೇಲ್ ಅಲ್ಲ. ಗ್ರೇಸ್ಕೇಲಿನಲ್ಲಿ ಒಂದು ಪಿಕ್ಸೆಲ್ಲಿಗೆ 256 ಬಗೆಯ ಬೂದು ಇರುತ್ತದೆ. ಇಲ್ಲಿ ಕಪ್ಪು, ಇಲ್ಲವೇ ಬಿಳಿ, ಎರಡೇ. ಲೀಗಲ್ ಪುಟ 300 ಡಿಪಿಐಯಲ್ಲಿ 2550 × 4200 ಪಿಕ್ಸೆಲ್ ಆಗುತ್ತದೆ. ಕಂಪ್ರೆಸ್ ಮಾಡುವ ಮೊದಲೇ ಕಲರಿನಲ್ಲಿ ಅದು 32 ಎಂಬಿ, ಗ್ರೇಸ್ಕೇಲಿನಲ್ಲಿ 10.7 ಎಂಬಿ, ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ 1.3 ಎಂಬಿ. ಈ ಮೂರನೆಯದನ್ನು ಟಿಫ್ ಗ್ರೂಪ್ 4 ಅಂತ ಸೇವ್ ಮಾಡಿದರೆ ಒಂದು ಪಿಕ್ಸೆಲ್ಲೂ ಬದಲಾಗದೆ ಇನ್ನೂ ಇಳಿಯುತ್ತದೆ. ಪುಟಕ್ಕೆ ಸುಮಾರು 45 ಕೆಬಿ ಬಂತು. ಇಂಥ ಪುಟವನ್ನು ಜೆಪೆಗ್ ಮಾಡಲೇಬಾರದು. ಅಕ್ಷರದ ಸುತ್ತ ನೊರೆಯ ಹಾಗೆ ಬೂದು ಕಣ ಏಳುತ್ತದೆ, ಸೈಜೂ ಜಾಸ್ತಿಯಾಗುತ್ತದೆ.

ಆದರೆ ಬ್ಲ್ಯಾಕ್ ಅಂಡ್ ವೈಟ್‌ಗೆ ಥ್ರೆಶೋಲ್ಡ್ ಸರಿ ಇರಬೇಕು. ಎಷ್ಟು ಕಡು ಇದ್ದರೆ ಕಪ್ಪು ಅಂತ ತೀರ್ಮಾನ ಮಾಡುವ ಗಡಿ ಅದು. 0 ಅಂದರೆ ಪೂರ್ತಿ ಕಪ್ಪು, 255 ಅಂದರೆ ಪೂರ್ತಿ ಬಿಳಿ. ನನ್ನ ಸ್ಕ್ಯಾನರಿನಲ್ಲಿ ಅದು 128ಕ್ಕೆ ಇತ್ತು. ಒಂದು ಪುಟವನ್ನು ಮೊದಲು ಗ್ರೇಸ್ಕೇಲಿನಲ್ಲಿ ತೆಗೆದು ಅಳೆದೆ. ಹಳದಿ ಕಾಗದ 195ರ ಹತ್ತಿರ ಇತ್ತು. ರಿಬ್ಬನ್ ಮಾಸಿದ ಕಡೆ ಅಕ್ಷರ 140. ಹಾಗಾದರೆ 128ಕ್ಕೆ ಬಿಟ್ಟರೆ ಆ ಅಕ್ಷರಗಳೆಲ್ಲ ಬಿಳಿ ಆಗಿಬಿಡುತ್ತವೆ! 165ಕ್ಕೆ ಏರಿಸಿದೆ. ಅಕ್ಷರ ತುಂಬಿ ಬಂತು, ಹಿನ್ನೆಲೆ ಬಿಳಿಯಾಗಿ ಉಳಿಯಿತು. ಇನ್ನೂ ಏರಿಸಿದರೆ ಕಾಗದದ ಕಲೆಯೂ ಕಪ್ಪಾಗುತ್ತದೆ, 'ಧ'ದ ಸೀಳು ಮುಚ್ಚಿಹೋಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕಾಗದ ತಂಪು ಹಿಡಿದು ಅಲೆಅಲೆಯಾಗಿರುತ್ತದೆ. ಗಾಜಿನಿಂದ ಎದ್ದ ಜಾಗದಲ್ಲಿ ನೆರಳು ಬಿದ್ದು ಕಪ್ಪು ಪಟ್ಟೆ ಬರುತ್ತದೆ. ಥ್ರೆಶೋಲ್ಡ್ ತಿರುಗಿಸಿದರೆ ಅದು ಹೋಗುವುದಿಲ್ಲ. ಹಾಳೆಯನ್ನು ದಪ್ಪ ಪುಸ್ತಕದಡಿ ಇಟ್ಟು ಚಪ್ಪಟೆ ಮಾಡಿಯೇ ಸ್ಕ್ಯಾನ್ ಮಾಡಬೇಕು.

ಡೆಸ್ಪೆಕಲ್ ಅಂತ ಒಂದು ಟಿಕ್ ಇರುತ್ತದೆ, ಸಣ್ಣ ಕಲೆ ತೆಗೆಯುವುದು. ಅದನ್ನು ತೆಗೆದುಹಾಕಿದೆ. ಧೂಳಿನ ಚುಕ್ಕಿ ಯಾವುದು, 1.08ರ ಚುಕ್ಕಿ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಆ 16ರಲ್ಲಿ ಷೆಡ್ಯೂಲಿನ ಎರಡು ಪುಟಗಳನ್ನು ಮಾತ್ರ 600 ಡಿಪಿಐಗೆ ಏರಿಸಿದೆ. ಚುಕ್ಕಿಗೆ ಈಗ ಒಂಬತ್ತು ಪಿಕ್ಸೆಲ್ ಅಗಲ ಸಿಕ್ಕಿತು. ಪಿಕ್ಸೆಲ್ ನಾಲ್ಕು ಪಟ್ಟಾದ ಮೇಲೆ ಸೈಜೂ ನಾಲ್ಕು ಪಟ್ಟು ಆಗುತ್ತದೆ ಅಂತ ಹೆದರಿದ್ದೆ. ಆಗಲಿಲ್ಲ. 45 ಕೆಬಿ ಇದ್ದದ್ದು 95 ಆಯಿತು, ಅಷ್ಟೆ. ಗ್ರೂಪ್ 4ರಲ್ಲಿ ಖಾಲಿ ಬಿಳಿ ಜಾಗಕ್ಕೆ ಹೆಚ್ಚೇನೂ ಖರ್ಚಿಲ್ಲ, ಖರ್ಚು ಇರುವುದು ಅಕ್ಷರದ ಅಂಚಿಗೆ. ಅಂಚಿನ ಉದ್ದ ಎರಡು ಪಟ್ಟಾಗುತ್ತದೆ, ನಾಲ್ಕು ಪಟ್ಟಲ್ಲ. ಇದು ಗೊತ್ತಾದ ಮೇಲೆ ಅಂಕಿಗಳ ಪಟ್ಟಿ ಇರುವ ಯಾವ ಪುಟಕ್ಕೂ ನಾನು ಡಿಪಿಐ ಉಳಿಸಲಿಕ್ಕೆ ಹೋಗುವುದಿಲ್ಲ.

ಬರಹದ ಮೇಲೆಯೇ ಸೀಲು ಬಿದ್ದ ಪುಟ ಆರು ಇದ್ದವು. ಅವನ್ನು ಬ್ಲ್ಯಾಕ್ ಅಂಡ್ ವೈಟ್ ಮಾಡಿದರೆ ಸೀಲೂ ಅಕ್ಷರವೂ ಒಂದೇ ಕಪ್ಪು ಮುದ್ದೆಯಾಗುತ್ತದೆ. ಗ್ರೇಸ್ಕೇಲ್ 300ರಲ್ಲಿ ತೆಗೆದೆ, ಜೆಪೆಗ್ ಮಾಡಿದೆ. ಛಾಪಾ ಕಾಗದ, ಷರಾ, ಹೆಬ್ಬೆಟ್ಟು ಮತ್ತು ಸಹಿ ಇರುವ ನಾಲ್ಕು ಪುಟ ಕಲರಿನಲ್ಲೇ ಇರಬೇಕು. ನೀಲಿ ಶಾಯಿಯ ಸಹಿ, ನೇರಳೆ ಸೀಲು ಬಣ್ಣದಲ್ಲಿ ಕಂಡರೇ ಇದು ಮೂಲ ಪ್ರತಿಯ ಸ್ಕ್ಯಾನ್ ಅಂತ ನೋಡಿದವರಿಗೆ ಗೊತ್ತಾಗುವುದು. ಅವೂ 300.

ಜೆಪೆಗ್ ಪುಟಗಳಲ್ಲಿ ಸೈಜ್ ತಿನ್ನುವುದು ಅಕ್ಷರ ಅಲ್ಲ, ಕಾಗದದ ನಾರು ಮತ್ತು ಕಲೆ. ಮೊದಲ ಸಲ ಪುಟಕ್ಕೆ 1.3 ಎಂಬಿ ಬಂದದ್ದಕ್ಕೆ ಮುಖ್ಯ ಕಾರಣ ಅದೇ. ಸ್ಕ್ಯಾನರಿನ ಲೆವೆಲ್ಸ್‌ನಲ್ಲಿ ವೈಟ್ ಪಾಯಿಂಟನ್ನು 255ರಿಂದ 200ರ ಹತ್ತಿರ ತಂದೆ. ಹಳದಿ ಹಿನ್ನೆಲೆ ಹೆಚ್ಚುಕಡಿಮೆ ಒಂದೇ ಸಮ ಆಯಿತು. ಕ್ವಾಲಿಟಿ 60ಕ್ಕೆ ಇಟ್ಟೆ. ಗ್ರೇ ಪುಟ ಸುಮಾರು 260 ಕೆಬಿ, ಕಲರ್ ಪುಟ 480 ಕೆಬಿಗೆ ಬಂತು. ಅದಕ್ಕಿಂತ ಕೆಳಗೆ ಎಳೆದಾಗ ಒಂದು ಸಹಿಯ ಬಾಲ ತೆಳುವಾಗತೊಡಗಿತು. ಅಲ್ಲಿಗೆ ನಿಲ್ಲಿಸಿದೆ.

ಎಲ್ಲವನ್ನೂ ಒಂದು ಪಿಡಿಎಫ್‌ಗೆ ಸೇರಿಸುವಾಗ ಮತ್ತೆ ಕಂಪ್ರೆಸ್ ಆಗಬಾರದು. ಮಾಡಿದ ಕೆಲಸ ಅಲ್ಲೇ ಹಾಳಾಗುವುದು. ನಾನು img2pdf ಬಳಸುತ್ತೇನೆ. ಅದು ಜೆಪೆಗ್ಗನ್ನು ಇದ್ದ ಹಾಗೇ ಒಳಗೆ ಇಡುತ್ತದೆ. ಆಮೇಲೆ pdfimages ಹಾಕಿ ಪರೀಕ್ಷೆ ಮಾಡುತ್ತೇನೆ.

```
img2pdf p01.jpg p02.jpg p03.tif -o vibhaga.pdf
pdfimages -list vibhaga.pdf
```

ಮೊದಲ ಸಾಲಿನಲ್ಲಿ ಮೂರೇ ಹೆಸರು ಬರೆದಿದ್ದೇನೆ, ನಿಜಕ್ಕೂ 26 ಇರುತ್ತವೆ. ಎರಡನೆಯದು ಪ್ರತಿ ಪುಟದ ಜಾತಕವನ್ನೇ ತೋರಿಸುತ್ತದೆ. `x-ppi` ಕೆಳಗೆ 300 ಅಥವಾ 600 ಇರಬೇಕು. `enc` ಕೆಳಗೆ ಟೈಪ್ ಪುಟಕ್ಕೆ `ccitt`, ಅಂದರೆ ಆ ಗ್ರೂಪ್ 4, ಉಳಿದವಕ್ಕೆ `jpeg` ಇರಬೇಕು. ಬೇರೆಯವರು ಮಾಡಿದ ಫೈಲಿನಲ್ಲಿ ಅಲ್ಲಿ `jbig2` ಕಂಡರೆ ಅಂಕಿಗಳನ್ನು ಒಂದೊಂದಾಗಿ ಮೂಲದ ಜೊತೆ ತಾಳೆ ನೋಡುತ್ತೇನೆ. ಆ ವಿಧಾನದ ಒಂದು ಬಗೆ, ಒಂದೇ ತರ ಕಾಣುವ ಅಕ್ಷರಗಳಿಗೆ ಒಂದೇ ಚಿತ್ರವನ್ನು ಹಾಕಿ ಜಾಗ ಉಳಿಸುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬವರು ಇದರಿಂದ ಸ್ಕ್ಯಾನಿನಲ್ಲಿ ಅಂಕಿಯೇ ಬದಲಾಗುವುದನ್ನು ತೋರಿಸಿಕೊಟ್ಟರು. ಮನೆಯ ನಕ್ಷೆಯಲ್ಲಿ ಒಂದು ಕೋಣೆಯ ಅಳತೆ ಇನ್ನೊಂದು ಕೋಣೆಗೂ ಬಂದಿತ್ತು. ಮಸುಕಾದರೆ ಕಣ್ಣಿಗೆ ಕಾಣುತ್ತದೆ. ಇದು ಹಾಗಲ್ಲ, ತಪ್ಪು ಅಂಕಿಯೇ ಚಂದ ಸ್ಪಷ್ಟವಾಗಿ ನಿಂತಿರುತ್ತದೆ.

ಕೊನೆಗೆ ಫೈಲು 4.3 ಎಂಬಿ ಬಂತು. ಷೆಡ್ಯೂಲಿನ ಎರಡು ಪುಟವನ್ನು ಪ್ರಿಂಟ್ ತೆಗೆದು ಮೂಲದ ಪಕ್ಕ ಇಟ್ಟೆ. ಪತ್ರದವರು ಮೂಲ ಓದಿದರು, ನಾನು ಪ್ರಿಂಟ್ ನೋಡಿದೆ. ಸರ್ವೆ ನಂಬ್ರ, ಎಕ್ರೆ, ಸೆಂಟ್ಸ್, ತೀರ್ವೆ, ಹೀಗೆ ಸಾಲು ಸಾಲಾಗಿ. ಹತ್ತು ನಿಮಿಷದ ಕೆಲಸ. 63/6, 1.08 ಎರಡೂ ಸರಿ ಇದ್ದವು. ಈ ಸಲ ಫೈಲು ವಾಪಸ್ ಬರಲಿಲ್ಲ.

ಮೊದಲು ತೆಗೆದ 34 ಎಂಬಿಯ ಕಲರ್ ಫೈಲನ್ನು ಅಳಿಸಲಿಲ್ಲ. ಅದನ್ನೂ ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಆ ಹಾಳೆಗಳನ್ನು ಇನ್ನೊಂದು ಸಲ ಗಾಜಿನ ಮೇಲೆ ಬಿಡಿಸಿದರೆ ಮಡಿಕೆಯಲ್ಲಿ ಎರಡು ತುಂಡಾಗುತ್ತವೆ.