‘ಮುಂದಿನ ತಿಂಗಳು ನೋಡೋಣ’ ಅನ್ನುತ್ತಿದ್ದವನಿಂದ ತಾರೀಖು ಪಡೆದದ್ದು

ಹೆಚ್ಚುಕಡಿಮೆ ಎರಡು ವರ್ಷ ಜೊತೆಗಿದ್ದರೂ ನನ್ನ ಹುಡುಗ ನಮ್ಮ ಮನೆಗೆ ಬಂದಿರಲಿಲ್ಲ. ಅವನ ಮನೆಯವರಿಗೆ, ಆಫೀಸಿನವರಿಗೆ ನಾನೊಬ್ಬಳಿದ್ದೇನೆ ಅನ್ನೋದೇ ಗೊತ್ತಿರಲಿಲ್ಲ. ‘ಅವನು ನಿನ್ನನ್ನು ಬಚ್ಚಿಡ್ತಿದ್ದಾನೆ, ಬಿಟ್ಟುಬಿಡು, ಇದರಲ್ಲಿ ತಿಳ್ಕೊಳ್ಳೋದೇನಿದೆ’ ಅಂತ ಗೆಳತಿಯರು ಹೇಳುತ್ತಿದ್ದರು. ಯಾಕೆ ಬಚ್ಚಿಡುತ್ತಿದ್ದಾನೆ ಅಂತ ತಿಳಿಯದೆ ಬಿಡುವುದಿಲ್ಲ ಅಂತ ನಾನು ಹಟ ಹಿಡಿದೆ. ಕೊನೆಗೆ ತಿಳಿಯಿತು ಕೂಡ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಪರಿಚಯ ಮಾಡಿಸೋಕೆ ಗಡುವು ಕೊಟ್ಟೆ. ಅವನು ಒಪ್ಪಿದ, ಗಡುವು ಬಂತು, ಹೋಯಿತು. ಊರಿಗೆ ಹೋಗೋಣ ಅಂತ ಇಬ್ಬರಿಗೂ ಟಿಕೆಟ್ ಮಾಡಿಸಿದೆ. ಹಿಂದಿನ ರಾತ್ರಿ ಆಫೀಸ್ ಕೆಲಸ ಬಂತು ಅಂದ. ಟಿಕೆಟ್ ದುಡ್ಡು ಅರ್ಧಕ್ಕಿಂತ ಜಾಸ್ತಿ ವಾಪಸ್ ಬರಲಿಲ್ಲ. ಇನ್ನೊಂದು ಸಲವೂ ಹಾಗೇ ಆಯಿತು. ಕಾರಣಗಳ ಬಗ್ಗೆ ವಾದ ಮಾಡುವುದರಲ್ಲೂ ಅರ್ಥವಿರಲಿಲ್ಲ. ಅಮ್ಮನಿಗೆ ಹುಷಾರಿಲ್ಲ ಅಂದಾಗ ನಿಜಕ್ಕೂ ಹುಷಾರಿರುತ್ತಿರಲಿಲ್ಲ. ಒಂದೊಂದೂ ನಿಜವಾದ ಕಾರಣವೇ, ಆದರೆ ಪ್ರತಿ ಸಲ ಹೊಸದು. ಆಗ ಕಾರಣ ಕೇಳುವುದನ್ನೇ ನಿಲ್ಲಿಸಿದೆ.

ಆಮೇಲೆ ಬೇಡಿಕೆಯನ್ನು ಆದಷ್ಟು ಸಣ್ಣದು ಮಾಡಿದೆ. ನಿನ್ನ ಕಡೆಯ ಒಬ್ಬರೇ ಒಬ್ಬರನ್ನು ಭೇಟಿ ಮಾಡಿಸು, ಅರ್ಧ ಗಂಟೆ ಸಾಕು. ಯಾರು, ಎಲ್ಲಿ, ನನ್ನನ್ನು ಏನಂತ ಪರಿಚಯ ಮಾಡಿಸಬೇಕು, ಎಲ್ಲ ನಿನ್ನಿಷ್ಟ. ತಾರೀಖು ಮಾತ್ರ ನೀನೇ ಹೇಳಬೇಕು. ಅವನು ತಂಗಿಯ ಹೆಸರು ಹೇಳಿ, ತಾರೀಖೂ ಕೊಟ್ಟ. ಆ ದಿನ ತಪ್ಪಿಸಿದ. ಅದು ನನಗೆ ದೊಡ್ಡ ವಿಷಯವಲ್ಲ. ತಪ್ಪಿಸಿದ ಮೇಲೆ ನಾನು ಕೇಳದೆ ತಾನೇ ಇನ್ನೊಂದು ತಾರೀಖು ಹೇಳುತ್ತಾನಾ ಅಂತ ಕಾದೆ. ಒಂದೆರಡು ವಾರ ಬಿಟ್ಟು ಹೇಳಿದ. ಆಫೀಸಿನವರ ವಿಷಯದಲ್ಲಿ ಮಾತ್ರ ಹೆಸರೂ ಇಲ್ಲ, ತಾರೀಖೂ ಇಲ್ಲ. ಎಲ್ಲ ಕಡೆಯೂ ಒಂದೇ ಸಮ ಬಚ್ಚಿಡುತ್ತಿಲ್ಲ ಅಂದರೆ ವಿಷಯ ನಾನಲ್ಲ, ಬೇರೇನೋ ಇದೆ ಅನ್ನಿಸಿತು.

ಆಮೇಲೆ ಒಂದೇ ಪ್ರಶ್ನೆ ಕೇಳಿದೆ: ‘ನಾನು, ನಿನ್ನ ಅಪ್ಪ, ನಿನ್ನ ಆಫೀಸಿನವರು ಒಂದೇ ಕಡೆ ಕೂತರೆ ಯಾವ ಮಾತು ಹೊರಗೆ ಬರುತ್ತೆ?’ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಸಾಲದ ವಿಷಯ ಹೇಳಿದ. ಅವನಿಗೆ ಸಾಲ ಇದೆ ಅಂತ ನನಗೆ ಗೊತ್ತಿತ್ತು, ಕಂತಿಗೆ ಕೆಲವು ಸಲ ನಾನೂ ಕೊಟ್ಟಿದ್ದೆ. ಆದರೆ ನನಗೆ ಹೇಳಿದ್ದು ಸುಮಾರು ಅರ್ಧ ಮೊತ್ತ. ಮನೆಯಲ್ಲಿ ಸಾಲವೇ ಇಲ್ಲ, ಬಾಡಿಗೆ ಜಾಸ್ತಿ ಅದಕ್ಕೇ ದುಡ್ಡು ಕಳಿಸೋಕೆ ಆಗ್ತಿಲ್ಲ ಅಂದಿದ್ದ. ಆಫೀಸಿನಲ್ಲಿ ಇಬ್ಬರ ಹತ್ತಿರ ಅಪ್ಪನ ಆಸ್ಪತ್ರೆ ಖರ್ಚು ಅಂತ ಕೈಸಾಲ ಮಾಡಿದ್ದ. ಒಬ್ಬೊಬ್ಬರಿಗೆ ಒಂದೊಂದು ಕತೆ. ನಾವು ಯಾರು ಯಾರನ್ನು ಭೇಟಿಯಾದರೂ ಒಂದು ಕತೆ ಒಡೆಯುತ್ತಿತ್ತು, ಅಷ್ಟೇ.

ತಂಗಿಯನ್ನು ನೋಡಿ ಬಂದಾಯಿತು. ಈಗ ಅವನ ಅಪ್ಪನಿಗೂ ಸಾಲದ ವಿಷಯ ಗೊತ್ತು, ನಾನೂ ಗೊತ್ತು. ಬಿಟ್ಟುಬಿಡು ಅಂದಿದ್ದ ಗೆಳತಿಯರೇ ಈಗ ಬಂದು ಹೇಗೆ ಮಾಡಿದೆ ಅಂತ ಕೇಳುತ್ತಾರೆ. ಆ ಪ್ರಶ್ನೆಯನ್ನು ಯಾವ ಹೊತ್ತಿನಲ್ಲಿ ಕೇಳಿದೆ ಅನ್ನೋದನ್ನು ಮಾತ್ರ ಹೇಳೋದಿಲ್ಲ, ಅದು ನನ್ನಲ್ಲೇ ಇರಲಿ.

ನಡುವೆ ಇನ್ನೊಂದೂ ಮಾಡಿ ನೋಡಿದ್ದೆ. ಇಬ್ಬರ ಫೋಟೋ ಒಂದನ್ನು ಸ್ಟೇಟಸ್‌ಗೆ ಹಾಕಿದೆ. ಗಂಟೆಯೊಳಗೆ ತೆಗೆಸಿದ. ಭಯ ಇದೆ ಅಂತ ಗೊತ್ತಾಯಿತು, ಯಾವುದರ ಭಯ ಅಂತ ಗೊತ್ತಾಗಲಿಲ್ಲ. ಇಂಥ ಪರೀಕ್ಷೆಗೆ ಅಷ್ಟೇ ಬೆಲೆ.

ಇದೇ ಸಣ್ಣ ಬೇಡಿಕೆಯನ್ನು ಗೆಳತಿಯೊಬ್ಬಳು ಅವಳ ಹುಡುಗನ ಮುಂದೆ ಇಟ್ಟಳು. ಅವನು ಒಬ್ಬರ ಹೆಸರನ್ನೂ ಹೇಳಲಿಲ್ಲ. ‘ನಿನಗೆ ನನ್ನ ಮೇಲೆ ನಂಬಿಕೆ ಇಲ್ವಾ’ ಅಂತ ತಿರುಗಿಸಿದ. ಕೆಲವು ತಿಂಗಳಾದ ಮೇಲೆ ಅವನಿಗೆ ಮದುವೆಯಾಗಿದೆ ಅಂತ ಗೊತ್ತಾಯಿತು. ಭೇಟಿ ಮಾಡಿಸಿದರೆ ಏನು ಕೆಡುತ್ತೆ ಅಂತ ಹೇಳದೆ ನಂಬಿಕೆಯ ಮಾತು ತೆಗೆದರೆ ಅವನಿಗೆ ದುಡ್ಡು ಕೊಡುವುದನ್ನು ಅವತ್ತೇ ನಿಲ್ಲಿಸಿ.

ಎಲ್ಲರ ಹತ್ತಿರವೂ ತಾರೀಖು ಕೇಳಬಾರದು. ಮನೆಯಲ್ಲಿ ಗೊತ್ತಾದರೆ ಹೊಡೆತ ಬೀಳುವ ಭಯ ಇರುವವರು, ಒಂದೇ ಲಿಂಗದ ಜೋಡಿಗಳು, ಒಬ್ಬರು ಇನ್ನೊಬ್ಬರ ಬಾಸ್ ಆಗಿರುವವರು, ಇವರಿಗೆಲ್ಲ ಬಚ್ಚಿಡಲು ಗಟ್ಟಿ ಕಾರಣ ಇರುತ್ತೆ. ಗುರುತು ಹೀಗೆ: ಅವರ ಕಾರಣ ತಿಂಗಳಿಗೊಂದು ಬದಲಾಗುವುದಿಲ್ಲ. ಗೊತ್ತಾದರೆ ಯಾರು ಏನು ಮಾಡುತ್ತಾರೆ ಅಂತ ಬಿಡಿಸಿ ಹೇಳುತ್ತಾರೆ. ಎಷ್ಟೋ ಸಲ ನಂಬಿಕಸ್ಥ ಗೆಳೆಯನೊಬ್ಬನಿಗಾದರೂ ನೀವು ಗೊತ್ತಿರುತ್ತೀರಿ.

ಆಫೀಸಿನ ಇಬ್ಬರಲ್ಲಿ ಒಬ್ಬರ ಕೈಸಾಲ ತೀರಿದೆ. ಇನ್ನೊಬ್ಬರದು ತೀರಿದ ವಾರವೇ ಪರಿಚಯ ಮಾಡಿಸುತ್ತೇನೆ ಅಂತ ಅವನೇ ಹೇಳಿದ್ದಾನೆ. ತಾರೀಖು ಬರೆದಿಟ್ಟುಕೊಂಡಿದ್ದೇನೆ.