ಜರ್ಮನ್ ವಾಕ್ಯವನ್ನು ನಾನು ಕೊನೆಯಿಂದ ಕಟ್ಟಿದ್ದು

ಜರ್ಮನ್‌ನಲ್ಲಿ ಮುಖ್ಯ ವಾಕ್ಯದ ಕ್ರಿಯಾಪದ ಎರಡನೇ ಜಾಗದಲ್ಲಿ, ಇನ್ನೊಂದು ವಾಕ್ಯಕ್ಕೆ ಅಂಟಿಕೊಂಡು ಬರುವ ಅಧೀನ ವಾಕ್ಯದ್ದು ಕೊನೆಯಲ್ಲಿ. ಪುಸ್ತಕಗಳು ಸಾಮಾನ್ಯವಾಗಿ ಎರಡನೇ ಜಾಗವನ್ನು ಮೊದಲು ಕಲಿಸುತ್ತವೆ. ನಾನು ಇದನ್ನು ಉಲ್ಟಾ ಮಾಡಿದೆ. ಕನ್ನಡದವರಿಗೆ ಕೊನೆಯಲ್ಲಿ ಬರುವ ಕ್ರಿಯಾಪದ ಹೊಸದೇನಲ್ಲ, ಅಲ್ವಾ? 'ನಾನು ನಾಳೆ ಕೆಲಸ ಮಾಡಬೇಕು' ಅನ್ನುವುದನ್ನು ಅದೇ ಕ್ರಮದಲ್ಲಿ ಜರ್ಮನ್‌ಗೆ ಹಾಕಿದರೆ 'ಇಶ್ ಮೋರ್ಗನ್ ಆರ್ಬೈಟನ್ ಮುಸ್'. ಇದರ ಮುಂದೆ 'ವೈಲ್' ಸೇರಿಸಿದರೆ, ಅಂದರೆ 'ಏಕೆಂದರೆ' ಅಂತ, ಅಧೀನ ವಾಕ್ಯ ಸಿದ್ಧ. ಬೇರೇನೂ ಕದಲಿಸಬೇಕಿಲ್ಲ.

ಮುಖ್ಯ ವಾಕ್ಯ ಬೇಕಾದರೆ, ಕರ್ತೃವಿಗೆ ತಕ್ಕಂತೆ ರೂಪ ಬದಲಿಸುವ ಕ್ರಿಯಾಪದವನ್ನು ಮಾತ್ರ ಕೊನೆಯಿಂದ ಎತ್ತಿ ಎರಡನೇ ಜಾಗದಲ್ಲಿ ಇಡುತ್ತೇನೆ: 'ಇಶ್ ಮುಸ್ ಮೋರ್ಗನ್ ಆರ್ಬೈಟನ್'. 'ಆರ್ಬೈಟನ್' ಇದ್ದಲ್ಲೇ ಉಳಿಯಿತು. ಫೋನ್ ಮಾಡುವುದಕ್ಕೆ ಇರುವ 'ಆನ್‌ರೂಫನ್' ಕೂಡ ಹೀಗೇ. 'ವೈಲ್ ಇಶ್ ಡಿಶ್ ಮೋರ್ಗನ್ ಆನ್‌ರೂಫ' ಎಂಬಲ್ಲಿ ಅದು ಒಂದೇ ಪದ, ಮುಖ್ಯ ವಾಕ್ಯದಲ್ಲಿ 'ರೂಫ' ಮುಂದೆ ಹೋಗಿ 'ಆನ್' ಕೊನೆಯಲ್ಲೇ ನಿಲ್ಲುತ್ತದೆ: 'ಇಶ್ ರೂಫ ಡಿಶ್ ಮೋರ್ಗನ್ ಆನ್'. ಒಡೆಯುವ ಕ್ರಿಯಾಪದಕ್ಕೆ ಅಂತ ಬೇರೆ ನಿಯಮ ಬಾಯಿಪಾಠ ಮಾಡುವ ಕೆಲಸ ತಪ್ಪಿತು.

ಎರಡನೇ ಜಾಗ ಎಂದರೆ ಎರಡನೇ ಪದವಲ್ಲ. 'ಆಮ್ ನೆಕ್ಸ್‌ಟನ್ ಮೋನ್‌ಟಾಗ್', ಅಂದರೆ ಮುಂದಿನ ಸೋಮವಾರ, ಮೂರು ಪದ ಆದರೂ ಒಂದೇ ಜಾಗ. ಅದರ ಪಕ್ಕದಲ್ಲೇ 'ಮುಸ್' ಬರಬೇಕು, 'ಇಶ್' ಆಮೇಲೆ. ಹೊಸಬರು ಶಾಲೆಯಲ್ಲಿ ಕಲಿತ ಇಂಗ್ಲಿಷಿನ ರೂಢಿಯಲ್ಲಿ 'ಮೋರ್ಗನ್ ಇಶ್ ಮುಸ್' ಅಂದುಬಿಡುತ್ತಾರೆ.

ಎಲ್ಲಕ್ಕಿಂತ ಜಾಸ್ತಿ ಕಾಣುವ ತಪ್ಪು ಎರಡು ವಾಕ್ಯ ಸೇರುವ ಕಡೆ. 'ವೈಲ್ ಇಶ್ ಮೋರ್ಗನ್ ಆರ್ಬೈಟನ್ ಮುಸ್, ಇಶ್ ಕೊಮ್ಮ ನಿಷ್ಟ್', ನಾಳೆ ಕೆಲಸ ಇರುವುದರಿಂದ ನಾನು ಬರುವುದಿಲ್ಲ ಅಂತ. ಮೊದಲರ್ಧ ಸರಿಯಾಗಿದೆ, ಎರಡನೆಯದು ತಪ್ಪು. ಅಲ್ಪವಿರಾಮದವರೆಗಿನ ಇಡೀ ಭಾಗವೇ ಮೊದಲನೇ ಜಾಗ ತುಂಬಿದೆ, ಹಾಗಾಗಿ ಮುಂದಿನದು ಕ್ರಿಯಾಪದವೇ ಆಗಬೇಕು: '...ಆರ್ಬೈಟನ್ ಮುಸ್, ಕೊಮ್ಮ ಇಶ್ ನಿಷ್ಟ್'. ಬರೆದದ್ದನ್ನು ನೋಡುವಾಗ ನಾನು ಮೊದಲು ಹುಡುಕುವುದು ಆ ಅಲ್ಪವಿರಾಮವನ್ನೇ. ಅದರ ಎರಡೂ ಪಕ್ಕ ಒಂದೊಂದು ಕ್ರಿಯಾಪದ ನಿಂತಿದ್ದರೆ ಸರಿ.

'ಡೆನ್' ಕೂಡ 'ಏಕೆಂದರೆ' ಅನ್ನುವ ಅರ್ಥವನ್ನೇ ಕೊಡುತ್ತದೆ, ಆದರೆ ಅದು ಯಾವ ಜಾಗವನ್ನೂ ಹಿಡಿಯುವುದಿಲ್ಲ: 'ಡೆನ್ ಇಶ್ ಮುಸ್ ಮೋರ್ಗನ್ ಆರ್ಬೈಟನ್'. 'ಉಂಡ್', 'ಆಬರ್', ಅಂದರೆ 'ಮತ್ತು', 'ಆದರೆ', ಕೂಡ ಹಾಗೇ. ಜರ್ಮನ್ನರು ಮಾತಾಡುವಾಗ ಎಷ್ಟೋ ಸಲ 'ವೈಲ್' ಆದ ಮೇಲೂ ಕ್ರಿಯಾಪದವನ್ನು ಎರಡನೇ ಜಾಗಕ್ಕೆ ತರುತ್ತಾರೆ. ಅದು ಕಿವಿಗೆ ಬಿದ್ದರೆ ಗೊಂದಲ ಬೇಡ, ಆದರೆ ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ.